ದುಬೈ ರೋಮಿಂಗ್ ಬಿಲ್: ದುಡ್ಡು ಕಟ್ಟುವ ಮೊದಲು ಗಡಿಯಾರ ನೋಡಿ

«ಮಗಳ ಮನೆಗೆ ದುಬೈಗೆ ಹೋಗಿ ಬಂದೆ. ಪ್ಲಾನ್ 499, ರೋಮಿಂಗ್ ಪ್ಯಾಕ್ 700, ಬಿಲ್ ಮಾತ್ರ 1,770. ಪ್ಯಾಕ್ 4ನೇ ತಾರೀಖು ರಾತ್ರಿ 11:05ಕ್ಕೆ ಶುರುವಾಗಿದೆ ಎಂದು ಮೆಸೇಜಿನಲ್ಲಿದೆ, ಬಿಲ್ಲಿನಲ್ಲಿ ಅದೇ ದಿನ 10:20ಕ್ಕೆ ಡೇಟಾ 184 ಹಾಕಿದ್ದಾರೆ. ಪ್ಯಾಕಿಗಿಂತ ಮೊದಲೇ ಬಳಸಿದ್ದು ನನ್ನದೇ ತಪ್ಪು, ಕಟ್ಟಿಬಿಡಲಾ?»

ಅಕ್ಕಾ, ಕಟ್ಟಬೇಡಿ, ಸ್ವಲ್ಪ ತಡೆಯಿರಿ. ನಾನೂ ಒಮ್ಮೆ ಹೀಗೇ ಒಪ್ಪಿಕೊಂಡು ಕಟ್ಟಿದವನು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಹೊರದೇಶದ ರೋಮಿಂಗ್ ಸಾಲುಗಳಲ್ಲಿ ಸಾಮಾನ್ಯವಾಗಿ ಇರುವುದು ಆ ಊರಿನ ಸಮಯ. ಲೆಕ್ಕ ಅಲ್ಲಿನ ಕಂಪನಿಯಿಂದ ಬರುತ್ತದೆ, ಅಲ್ಲಿನ ಗಡಿಯಾರವೇ ಅಚ್ಚಾಗುತ್ತದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಹಾಗಾದರೆ 10:20 ಅಂದರೆ ನಮ್ಮ 11:50. ಪ್ಯಾಕ್ ಶುರುವಾಗಿ ಮುಕ್ಕಾಲು ಗಂಟೆ ಆದ ಮೇಲಿನ ಬಳಕೆ ಅದು.

ಆದರೆ ಇದನ್ನೂ ಕಣ್ಣುಮುಚ್ಚಿ ನಂಬಬೇಡಿ. ದುಬೈಯಿಂದ ಕಾರವಾರದ ಮನೆಗೆ ಮಾಡಿದ ಒಂದು ಕರೆಯನ್ನು ಬಿಲ್ಲಿನಲ್ಲಿ ಹುಡುಕಿ, ಮನೆಯವರ ಫೋನಿನ ಕಾಲ್ ಲಾಗ್ ಪಕ್ಕಕ್ಕೆ ಇಟ್ಟು ನೋಡಿ. ಒಂದೂವರೆ ಗಂಟೆ ವ್ಯತ್ಯಾಸ ಬಂದರೆ ಬಿಲ್ಲಿನದು ದುಬೈ ಸಮಯ. ಎರಡೂ ಒಂದೇ ಇದ್ದರೆ ಬಿಲ್ಲಿನದು ನಮ್ಮ ಸಮಯವೇ, ಆಗ ನಿಮ್ಮ ಅನುಮಾನವೇ ಸರಿ. ಪ್ಯಾಕಿನ ಮೆಸೇಜಿನಲ್ಲೂ ಒಳಗೆ ಬರೆದ ಸಮಯವನ್ನೇ ಹಿಡಿಯಿರಿ. ಮೇಲೆ ಫೋನು ತೋರಿಸುವ ಸಮಯ ನೀವಿದ್ದ ಊರಿಗೆ ತಕ್ಕಂತೆ ಬದಲಾಗುತ್ತದೆ.

ಇನ್ನೊಂದು: ನೀವು ಪ್ರಶ್ನೆಯ ಜೊತೆ ಹಾಕಿದ ಬಿಲ್ಲಿನ ಸ್ಕ್ರೀನ್‌ಶಾಟಿನಲ್ಲಿ ನೆಟ್‌ವರ್ಕ್ ಹೆಸರಿನ ಕಾಲಂ ಕತ್ತರಿಸಿ ಹೋಗಿದೆ. ಅಲ್ಲಿ ಏರೋಮೊಬೈಲ್ ತರದ ಹೆಸರಿದ್ದರೆ ಅದು ವಿಮಾನದೊಳಗಿನ ನೆಟ್‌ವರ್ಕ್. ದೇಶದ ಪ್ಯಾಕ್ ಸಾಮಾನ್ಯವಾಗಿ ಅದಕ್ಕೆ ಅನ್ವಯಿಸುವುದಿಲ್ಲ, ಆಗ ಗಡಿಯಾರದ ವಾದ ನಿಲ್ಲುವುದಿಲ್ಲ. ಆ ಕಾಲಂ ಹಾಕಿ, ಅಲ್ಲಿಯವರೆಗೆ ನಾನೂ ಖಚಿತವಾಗಿ ಹೇಳಲಾರೆ.

ಇದೇ ಪ್ರಶ್ನೆಗೆ ಉತ್ತರಿಸಿದ ಇನ್ನೊಬ್ಬರು «ಕಾರವಾರದ ಗಡಿಯ ಮಾಜಾಳಿ ಹತ್ತಿರ ಗೋವಾ ಟವರ್ ಹಿಡಿದಿದ್ದಕ್ಕೆ ದುಡ್ಡು ಏರಿದೆ» ಎಂದಿದ್ದಾರೆ. ಗೋವಾ ಟವರ್ ಹಿಡಿಯುವುದು ನಿಜ, ಬಿಲ್ಲಿನಲ್ಲಿ ನ್ಯಾಷನಲ್ ರೋಮಿಂಗ್ ಎಂಬ ಸಾಲುಗಳು ಇರುವುದೂ ನಿಜ. ಆದರೆ ಅವುಗಳ ಮೊತ್ತದ ಕಾಲಂ ನೋಡಿ ಅಣ್ಣಾ, ಎಲ್ಲ 0.00. ಸಾಲು ಇದ್ದ ಮಾತ್ರಕ್ಕೆ ದುಡ್ಡು ಬಿದ್ದಿದೆ ಎಂದಲ್ಲ.

ಈಗ ಮೊತ್ತ. ಆ್ಯಪಿನಲ್ಲಿ ಖರ್ಚು ತೋರಿಸುವ ಬಣ್ಣದ ಚಿತ್ರ ಬಿಟ್ಟುಬಿಡಿ, ಅದರಿಂದ ಏನೂ ತಿಳಿಯುವುದಿಲ್ಲ. ಪಿಡಿಎಫ್ ಇಳಿಸಿ ಸೊನ್ನೆ ಅಲ್ಲದ ಸಾಲುಗಳಿಗೆ ಮಾತ್ರ ಗುರುತು ಹಾಕಿ. 499, 700, ರೋಮಿಂಗ್ ಬಳಕೆ 301, ಒಟ್ಟು 1,500. ಅದರ ಮೇಲೆ 18% ಜಿಎಸ್‌ಟಿ 270. ಸಾಲುಗಳಲ್ಲಿರುವುದು ತೆರಿಗೆಗೆ ಮುಂಚಿನ ಮೊತ್ತ, ಇದು ಮರೆತರೆ ಕೂಡಿಸಿದ ಲೆಕ್ಕ ಬಿಲ್ಲಿಗೆ ಎಂದೂ ತಾಳೆಯಾಗುವುದಿಲ್ಲ. ಹಾಗೆಯೇ 184 ತಪ್ಪಾದರೆ ವಾಪಸ್ ಬರಬೇಕಾದದ್ದು 217.12.

301ರಲ್ಲಿ 184 ಹೋದರೆ 117 ಉಳಿಯಿತು. ಅದು ನೀವು ಮಾಡಿದ ಕರೆಯೇ ಅಲ್ಲ, ಎತ್ತದೆ ಬಿಟ್ಟ ಮೂರು ಕರೆಗಳದ್ದು, ಒಂದಕ್ಕೆ 39ರಂತೆ. ಅದೇ ನಿಮಿಷದಲ್ಲಿ ಎರಡೆರಡು ಸಾಲು ಕಾಣುತ್ತವಲ್ಲ, ಒಂದು ಒಳಬರುವುದು, ಇನ್ನೊಂದು 91ರಿಂದ ಶುರುವಾಗುವ ನಂಬರಿಗೆ ಹೊರಹೋಗುವುದು? ಕಾಲ್ ಫಾರ್ವರ್ಡ್ ಇರುವ ಗುರುತು. ಕರೆ ದುಬೈಗೆ ಬಂದು, ನೀವು ಎತ್ತದಿದ್ದಾಗ ಭಾರತಕ್ಕೆ ತಿರುಗಿ ಹೋಗಿದೆ. ಎರಡೂ ದಾರಿಯ ಬಾಡಿಗೆ ನಿಮ್ಮ ತಲೆಗೆ, ಅದೂ 20 ಸೆಕೆಂಡಿಗೆ ಪೂರ್ತಿ ನಿಮಿಷದ ಲೆಕ್ಕ. ಪ್ಯಾಕ್‌ನಲ್ಲಿ ಇದು ಸೇರಿದೆ ಎಂದು ಬರೆದಿಲ್ಲದಿದ್ದರೆ ಕಟ್ಟಲೇಬೇಕಾಗುತ್ತದೆ. ಮುಂದಿನ ಸಲ ಇಲ್ಲಿಂದ ಹೊರಡುವ ಮೊದಲೇ ಇದನ್ನು ಒತ್ತಿ:

```
##002#
```

ಎಲ್ಲ ಫಾರ್ವರ್ಡ್ ತೆಗೆಯುತ್ತದೆ. ಜೊತೆಗೆ ಮಿಸ್ಡ್ ಕಾಲ್ ಅಲರ್ಟ್ ಕೂಡ ನಿಲ್ಲುತ್ತದೆ, ಬಂದ ಮೇಲೆ ಮತ್ತೆ ಹಾಕಿಸಿಕೊಳ್ಳಿ. ಪ್ಯಾಕನ್ನೂ ಅಲ್ಲಿ ಇಳಿದ ಮೇಲೆ ಅಲ್ಲ, ಇಲ್ಲಿಂದಲೇ ತೆಗೆದುಕೊಳ್ಳಿ. ಇಷ್ಟು ಹೇಳಿದರೂ ಜನ ಇಳಿದ ಮೇಲೇ ಕೊಳ್ಳುತ್ತಾರೆ, ಬೇಜಾರಾಗುತ್ತದೆ.

198ಕ್ಕೆ ಕರೆ ಮಾಡಿ ದೂರಿನ ನಂಬರ್ ಪಡೆಯಿರಿ. «ಬಿಲ್ ಜಾಸ್ತಿ ಬಂದಿದೆ» ಎನ್ನಬೇಡಿ. ತಾರೀಖು, ಬಿಲ್ಲಿನ ಸಮಯ, ಅದರ ಭಾರತೀಯ ಸಮಯ, ಪ್ಯಾಕ್ ಶುರುವಾದ ಸಮಯ, ಈ ನಾಲ್ಕನ್ನೇ ಹೇಳಿ. ವಿವಾದದ ಮೊತ್ತವನ್ನು ತಡೆಹಿಡಿಯಿರಿ ಎಂದೂ ಕೇಳಿ, ಕೊನೆಯ ದಿನ ದಾಟಿದರೆ ಲೇಟ್ ಫೀ ಸೇರುತ್ತದೆ. ಉತ್ತರ ಸರಿಬಾರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, 30 ದಿನದೊಳಗೆ, ಅದಕ್ಕೆ ಶುಲ್ಕವಿಲ್ಲ.

ಹೊರದೇಶದ ಲೆಕ್ಕ ತಡವಾಗಿ ಬರುವುದುಂಟು. ಮುಂದಿನ ತಿಂಗಳ ಬಿಲ್ಲಿನಲ್ಲಿ ಹಳೆಯ ತಾರೀಖಿನ ಸಾಲು ಕಂಡರೆ ಇದೇ ಗಡಿಯಾರದ ಲೆಕ್ಕ ಮಾಡಿ ನೋಡಿ, ಪ್ಯಾಕಿನ ಮೆಸೇಜು ಅಲ್ಲಿಯವರೆಗೆ ಅಳಿಸಬೇಡಿ.