60 ಮೇಲ್ ಕಳಿಸಿದರೂ ಒಂದು ಉತ್ತರವಿಲ್ಲ

ಪ್ರಶ್ನೆ: ನಾನು ಕುಂದಾಪುರದ ಕಡೆಯವನು. ಮುಂಬೈಯ ಸಾಕಿನಾಕಾದಲ್ಲಿ ಹೋಟೆಲ್ ಅಡುಗೆಮನೆಗಳ ಎಕ್ಸಾಸ್ಟ್ ಡಕ್ಟ್ ಶುಚಿ ಮಾಡುವ ಸಣ್ಣ ವ್ಯವಹಾರ ನನ್ನದು. ಕಂಪನಿ ಪ್ರೊಫೈಲ್ ಲಗತ್ತಿಸಿ 60 ಹೋಟೆಲುಗಳಿಗೆ ಒಟ್ಟಿಗೇ ಮೇಲ್ ಹಾಕಿದೆ. ಒಬ್ಬರೂ ಉತ್ತರಿಸಲಿಲ್ಲ. ಏನು ಬರೆಯಬೇಕು ಸಾರ್?

ಉತ್ತರ: ಮೊದಲು ಅದೇ ಮೇಲನ್ನು ನಿಮ್ಮ ಮನೆಯವರ ಅಕೌಂಟಿಗೆ ಕಳಿಸಿ, ಎಲ್ಲಿ ಬೀಳುತ್ತದೆ ನೋಡಿ. ಭಾರದ ಪಿಡಿಎಫ್ ಹೊತ್ತು ಗುಂಪಾಗಿ ಹೋದ ಅಪರಿಚಿತ ಮೇಲ್ ಸ್ಪ್ಯಾಮಿನಲ್ಲಿ ಸಿಗುವುದೇ ಹೆಚ್ಚು. ಅಲ್ಲೇ ಬಿದ್ದಿದ್ದರೆ ಬರವಣಿಗೆಯ ತಪ್ಪು ಆಮೇಲಿನ ಮಾತು. ಇನ್ನು ಮುಂದೆ ದಿನಕ್ಕೆ ಐದಾರು, ಒಂದೊಂದಾಗಿ, ಲಗತ್ತು ಇಲ್ಲದೆ.

ಬರೆಯುವ ಮುಂಚೆ ಆ ಹೋಟೆಲಿನ ಹಿಂದಿನ ಗಲ್ಲಿಗೆ ಒಮ್ಮೆ ಹೋಗಿಬನ್ನಿ. ಅಲ್ಲಿ ಕಂಡದ್ದೇ ನಿಮ್ಮ ಮೊದಲ ಸಾಲು. ಹೀಗೆ:

> ವಿಷಯ: ಹಿಂದಿನ ಗಲ್ಲಿಯ ಎಕ್ಸಾಸ್ಟ್ ಕೆಳಗೆ ಎಣ್ಣೆ ಕಲೆ
>
> ಶೆಟ್ರೆ, ನಮಸ್ಕಾರ.
>
> ನಿನ್ನೆ ನಿಮ್ಮಲ್ಲಿ ಊಟ ಮಾಡಿ ಹಿಂದಿನ ಗಲ್ಲಿಯಿಂದ ಹೋದೆ. ಎಕ್ಸಾಸ್ಟ್ ಬಾಯಿಯ ಕೆಳಗೆ ಗೋಡೆಗೆ ಎಣ್ಣೆ ಇಳಿದಿದೆ. ಹೊರಗೆ ಇಷ್ಟಿದ್ದರೆ ಡಕ್ಟಿನ ಒಳಗೂ ಜಿಡ್ಡು ಕೂತಿರಬಹುದು.
>
> ನಾವು ಡಕ್ಟ್ ಶುಚಿ ಮಾಡುವವರು. ಒಳಗಿನ ಫೋಟೋ ತೆಗೆದು ನಿಮಗೇ ತೋರಿಸುತ್ತೇವೆ. 20 ನಿಮಿಷದ ಕೆಲಸ, ದುಡ್ಡು ಬೇಡ.
>
> ಮಂಗಳವಾರ 3.30ಕ್ಕೆ, ಒಲೆ ಆರಿಸಿದ ಮೇಲೆ ಬರಲೇ? ‘ಬನ್ನಿ’ ಎಂದರೆ ಸಾಕು.

ಕೆಳಗೆ ಹೆಸರು, ಮೊಬೈಲ್ ನಂಬರ್. ಅಷ್ಟೇ.

‘ಕೂತಿರಬಹುದು’ ಎಂದಿರುವುದನ್ನು ಗಮನಿಸಿ. ಒಳಗೆ ನೋಡದೆ ‘ನಿಮ್ಮಲ್ಲಿ ಬೆಂಕಿ ಬೀಳುತ್ತದೆ’ ಎಂದು ಹೆದರಿಸಿದರೆ ಮೂವತ್ತು ವರ್ಷ ಗಲ್ಲಾದ ಮೇಲೆ ಕೂತವರು ನಕ್ಕು ಅಳಿಸುತ್ತಾರೆ. ಹಾಗೇ, ಚಿಮಣಿ, ಪೆಸ್ಟ್ ಕಂಟ್ರೋಲ್, ವಾರ್ಷಿಕ ಕರಾರು ಎಲ್ಲವನ್ನೂ ಇದರಲ್ಲೇ ತುರುಕಬೇಡಿ. ರೇಟಿನ ಮಾತು ಫೋಟೋ ನೋಡಿದ ಮೇಲೆ. ‘ಅಗತ್ಯವಿದ್ದರೆ ಸಂಪರ್ಕಿಸಿ’ ಎಂಬ ಸಾಲಂತೂ ಕೆಲಸವನ್ನು ಅವರ ತಲೆಗೇ ಕಟ್ಟುತ್ತದೆ. ದಿನ, ಗಂಟೆ ನೀವೇ ಹೇಳಿದರೆ ಅವರಿಗೆ ಉಳಿಯುವುದು ಹೂಂ ಅಥವಾ ಉಹುಂ.

ಗೋಡೆ ಚೊಕ್ಕಟವಾಗಿದ್ದರೆ? ಇಲ್ಲದ ಕಲೆ ಹುಟ್ಟಿಸಬೇಡಿ, ಬೇರೆ ಹೋಟೆಲ್ ನೋಡಿ. ಇಲ್ಲವೇ ಕಾಲ ನೋಡಿ ಬರೆಯಿರಿ. ಮಹಾರಾಷ್ಟ್ರದಲ್ಲಿ ಅಗ್ನಿ ಸುರಕ್ಷತಾ ವ್ಯವಸ್ಥೆ ಸರಿಯಿದೆ ಎಂಬ ಫಾರ್ಮ್ ಬಿ ಪ್ರಮಾಣಪತ್ರವನ್ನು ಮಾಲೀಕರು ಜನವರಿ ಮತ್ತು ಜುಲೈಯಲ್ಲಿ ಸಲ್ಲಿಸಬೇಕು. ಡಿಸೆಂಬರ್, ಜೂನ್‌ನಲ್ಲಿ ಮಾಲೀಕರ ತಲೆಯಲ್ಲಿ ಈ ವಿಷಯ ಓಡುತ್ತಿರುತ್ತದೆ. ಆದರೆ ಅದನ್ನು ಅವರಿಗೆ ಬರೆದುಕೊಡುವುದು ಪರವಾನಗಿ ಪಡೆದ ಏಜೆನ್ಸಿ. ನಿಮ್ಮ ಶುಚಿಯಿಂದ ಅದು ಸಿಗುತ್ತದೆ ಎಂಬ ಅರ್ಥ ಬರುವಂತೆ ಬರೆಯಬೇಡಿ.

ಉತ್ತರ ಬರದಿದ್ದರೆ ಐದು ದಿನ ಬಿಟ್ಟು ಅದೇ ಮೇಲ್‌ನ ಕೆಳಗೆ ಎರಡು ಸಾಲು: ‘ಮಂಗಳವಾರ ಆಗಲಿಲ್ಲವೇನೋ. ಗುರುವಾರ 3.30?’ ಅದಕ್ಕೂ ಸುದ್ದಿಯಿಲ್ಲದಿದ್ದರೆ ಬಿಟ್ಟುಬಿಡಿ. ಮೂರನೆಯದಕ್ಕೆ ನಿಮ್ಮನ್ನು ಬ್ಲಾಕ್ ಮಾಡುತ್ತಾರೆ.