ಕಂಪನಿ ಹಿಡಿದ ಟಿಡಿಎಸ್ ಕಟ್ಟಿಲ್ಲ, ಡಿಮ್ಯಾಂಡ್ ಮಾತ್ರ ನನ್ನ ಹೆಸರಿಗೆ

ಪ್ರಶ್ನೆ: “ಹಳೆ ಕಂಪನಿ ಸಂಬಳದಲ್ಲಿ ಟಿಡಿಎಸ್ ಹಿಡಿದಿದೆ, ಆದರೆ ನನ್ನ ಹೆಸರಲ್ಲಿ ಜಮೆಯಾದ ತೆರಿಗೆ ತೋರಿಸೋ 26ಎಎಸ್‌ನಲ್ಲಿ ಕಾಣ್ತಿಲ್ಲ. ಈಗ 143(1) ಇಂಟಿಮೇಶನ್ ಬಂದು ದುಡ್ಡು ಕಟ್ಟಿ ಅಂತಿದೆ. ರೆಕ್ಟಿಫಿಕೇಶನ್ ಹಾಕಲಾ, ಅಪೀಲ್ ಹಾಕಲಾ? ಅಲ್ಲಿವರೆಗೆ ದುಡ್ಡು ಕಟ್ಟಲೇಬೇಕಾ?”

ರೆಕ್ಟಿಫಿಕೇಶನ್ ಬೇಕಿದ್ದರೆ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ನಿಮ್ಮ ಕೇಸು ಇತ್ಯರ್ಥ ಆಗೋದು ಅಪೀಲಿನಲ್ಲಿ. ದುಡ್ಡು ಕಟ್ಟದೆ ಸ್ಟೇ ಕೇಳೋಕೆ ನಿಮಗೆ ಒಳ್ಳೆ ಆಧಾರವೇ ಇದೆ. ನಾನು ಸಿಎ ಅಲ್ಲ, ಆದರೆ ಇದೇ ದಾರಿ ಪೂರ್ತಿ ನಡೆದು ಬಂದವನು. ನನ್ನ ಲೆಕ್ಕ ಇಟ್ಟುಕೊಂಡೇ ಹೇಳ್ತೀನಿ. ಇಲ್ಲಿ ಬರೋ ಸೆಕ್ಷನ್ ನಂಬರುಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ಕ್ಕಿಂತ ಹಿಂದಿನ ವರ್ಷಗಳ ಆದಾಯಕ್ಕೆ ಅವೇ ಅನ್ವಯ.

ನನ್ನ ತಿಂಗಳ ಸಂಬಳ 1,10,000. ಅದರಲ್ಲಿ ಪಿಎಫ್ 1,800, ವೃತ್ತಿ ತೆರಿಗೆ 200, ಟಿಡಿಎಸ್ 15,000 ಕಳೆದು 93,000 ಬ್ಯಾಂಕಿಗೆ ಬರ್ತಿತ್ತು. ಮೊದಲ ಒಂಬತ್ತು ತಿಂಗಳ 1,35,000 ಟಿಡಿಎಸ್ ಕಂಪನಿ ಸರಿಯಾಗಿ ಕಟ್ಟಿತ್ತು. ಜನವರಿಯಿಂದ ಮಾರ್ಚ್‌ವರೆಗೆ ಹಿಡಿದ 45,000 ಕಟ್ಟಲೇ ಇಲ್ಲ. ರಿಟರ್ನ್‌ನಲ್ಲಿ ನಾನು ಪೂರ್ತಿ 1,80,000 ತೋರಿಸಿದ್ದೆ, ನನ್ನ ತೆರಿಗೆಯೂ ಅಷ್ಟೇ ಇತ್ತು. ನವೆಂಬರಿನಲ್ಲಿ, ರಿಟರ್ನ್‌ಗಳ ಲೆಕ್ಕ ನೋಡೋ ಇಲಾಖೆಯ ಬೆಂಗಳೂರಿನ ಕೇಂದ್ರ ಸಿಪಿಸಿಯಿಂದ ಇಂಟಿಮೇಶನ್ ಬಂತು: 45,000 ತೆರಿಗೆ, ಅದರ ಮೇಲೆ ಮುಂಗಡ ತೆರಿಗೆ ಕಟ್ಟಿಲ್ಲ ಅಂತ 234ಬಿ ಬಡ್ಡಿ 3,600, ಅದರ ಕಂತು ತಪ್ಪಿದ್ದಕ್ಕೆ 234ಸಿ ಬಡ್ಡಿ 2,268, ಹತ್ತರ ಲೆಕ್ಕಕ್ಕೆ ಸರಿಮಾಡಿ ಒಟ್ಟು 50,870. ನನ್ನ ಸಂಬಳದಿಂದ ಒಮ್ಮೆ ಹಿಡಿದ ದುಡ್ಡನ್ನೇ ಬಡ್ಡಿ ಸಮೇತ ಇನ್ನೊಮ್ಮೆ ಕಟ್ಟು ಅನ್ನೋ ಕಾಗದ ಅದು.

ಇಂಟಿಮೇಶನ್‌ನಲ್ಲಿ ಎರಡು ಕಾಲಂ ಇರುತ್ತೆ. ಒಂದರಲ್ಲಿ ನೀವು ಕೊಟ್ಟ ಅಂಕಿ, ಪಕ್ಕದ್ದರಲ್ಲಿ ಇಲಾಖೆ ಲೆಕ್ಕ ಹಾಕಿದ್ದು. ಯಾವ ಸಾಲಿನಲ್ಲಿ ಎರಡೂ ಬೇರೆ ಬೇರೆ ಇವೆ ಅಂತ ಮೊದಲು ಬೆರಳಿಟ್ಟು ನೋಡಿ. ಆದಾಯದ ಸಾಲುಗಳೆಲ್ಲ ಹೊಂದಿ, ಟಿಡಿಎಸ್ ಸಾಲು ಒಂದೇ ತಪ್ಪಿದ್ದರೆ 26ಎಎಸ್ ತೆಗೆದು ಆ ಕಂಪನಿಯ ಟಿಡಿಎಸ್ ನಂಬರಾದ ಟ್ಯಾನ್ ಕೆಳಗೆ ಯಾವ ಯಾವ ತಿಂಗಳು ಇದೆ ಅಂತ ಎಣಿಸಿ. ಒಂದೊಂದು ನಮೂದಿನ ಎದುರಿಗೂ ಒಂದಕ್ಷರದ ಸ್ಟೇಟಸ್ ಇರುತ್ತೆ. F ಅಂದರೆ ದುಡ್ಡು ಖಜಾನೆಗೆ ಸೇರಿ ತಾಳೆಯಾಗಿದೆ ಅಂತ. U ಅಂದರೆ ಕಂಪನಿ ಲೆಕ್ಕ ಕೊಟ್ಟಿದೆ, ದುಡ್ಡು ತಾಳೆಯಾಗಿಲ್ಲ ಅಂತ. ನನಗೆ ಜನವರಿಯಿಂದಾಚೆ ನಮೂದೇ ಇರಲಿಲ್ಲ.

ರೆಕ್ಟಿಫಿಕೇಶನ್ ಕೆಲಸ ಮಾಡೋದು ಯಾವಾಗ ಅಂತ ಇಲ್ಲೇ ಗೊತ್ತಾಗುತ್ತೆ. ಸೆಕ್ಷನ್ 154ರ ಕೆಳಗೆ ದಾಖಲೆಯಲ್ಲೇ ಎದ್ದು ಕಾಣೋ ತಪ್ಪನ್ನಷ್ಟೇ ತಿದ್ದಬಹುದು. ನೀವು ಟ್ಯಾನ್ ತಪ್ಪಾಗಿ ಹಾಕಿದ್ದರೆ, ಇಲ್ಲವೇ ಕಂಪನಿ ತಡವಾಗಿ ದುಡ್ಡು ಕಟ್ಟಿ ತಾನು ಕೊಡೋ ಟಿಡಿಎಸ್ ಲೆಕ್ಕದ ಫಾರ್ಮ್ 24ಕ್ಯೂ ತಿದ್ದಿ ಈಗ 26ಎಎಸ್‌ನಲ್ಲಿ ಕಾಣ್ತಿದ್ದರೆ, `Services` ಕೆಳಗಿನ `Rectification` ಸಾಕು. ಟ್ಯಾನ್ ತಿದ್ದೋಕೆ `Tax credit mismatch correction`, 26ಎಎಸ್ ತಾನೇ ಸರಿಹೋಗಿದ್ದರೆ `Reprocess the return`. ಹತ್ತು ನಿಮಿಷದ ಕೆಲಸ, ಶುಲ್ಕ ಇಲ್ಲ. ಆದರೆ ಕಂಪನಿ ದುಡ್ಡೇ ಕಟ್ಟದಿದ್ದಾಗ ಸಿಪಿಸಿಯ ಕಂಪ್ಯೂಟರು ಮತ್ತೆ ಅದೇ 26ಎಎಸ್ ನೋಡಿ ಅದೇ ಲೆಕ್ಕ ಕೊಡುತ್ತೆ. ನಿಮ್ಮ ಪೇಸ್ಲಿಪ್ ಅದಕ್ಕೆ ಕಾಣೋದೇ ಇಲ್ಲ.

ನಾನು ಎಡವಿದ್ದು ಇಲ್ಲೇ. ರೆಕ್ಟಿಫಿಕೇಶನ್ ಹಾಕಿ ಇಪ್ಪತ್ನಾಲ್ಕು ದಿನ ಕಾದೆ. ಬಂದ ಆರ್ಡರಿನಲ್ಲಿ ಒಂದು ರೂಪಾಯಿಯೂ ಬದಲಾಗಿರಲಿಲ್ಲ. ಇಂಟಿಮೇಶನ್ ಕೈಸೇರಿದ ದಿನದಿಂದ ಅಪೀಲಿಗೆ ಇರೋದು 30 ದಿನ, ದುಡ್ಡು ಕಟ್ಟೋಕೆ ಇರೋದೂ ಅದೇ 30 ದಿನ. ರೆಕ್ಟಿಫಿಕೇಶನ್ ಬಾಕಿ ಇದೆ ಅಂತ ಆ ಗಡಿಯಾರ ನಿಲ್ಲೋದಿಲ್ಲ. 154ರ ಆರ್ಡರ್ ಮೇಲೂ ಅಪೀಲು ಹೋಗಬಹುದು, ನಿಜ. ಆದರೆ ಅಲ್ಲಿ ಚರ್ಚೆ ಆಗೋದು “ದಾಖಲೆಯಲ್ಲಿ ಎದ್ದು ಕಾಣೋ ತಪ್ಪಿತ್ತೇ” ಅನ್ನೋ ಇಕ್ಕಟ್ಟಾದ ಪ್ರಶ್ನೆ. ಹಾಗಾಗಿ ಮೂಲ ಇಂಟಿಮೇಶನ್ ಮೇಲೇ ಅಪೀಲು ಹಾಕೋದು ವಾಸಿ. ನಾನು ಇಪ್ಪತ್ತೆಂಟನೇ ದಿನ ಹಾಕಿದೆ. ನಿಮಗೆ ದಿನ ಮೀರಿದ್ದರೂ ಅಪೀಲಿನ ಅರ್ಜಿಯಾದ ಫಾರ್ಮ್ 35ರಲ್ಲಿ ತಡವಾದ ಕಾರಣ ಬರೆದು ಮನ್ನಿಸಿ ಅಂತ ಕೇಳೋಕೆ ಜಾಗ ಇದೆ. ಒಪ್ಪೋದು ಬಿಡೋದು ಅವರಿಗೆ ಬಿಟ್ಟಿದ್ದು.

ಫಾರ್ಮ್ 35 ಇರೋದು `e-File` > `Income Tax Forms` > `File Income Tax Forms` ಒಳಗೆ. ಶುಲ್ಕ ಇಲಾಖೆ ಲೆಕ್ಕ ಹಾಕಿದ ಆದಾಯದ ಮೇಲೆ ನಿಂತಿದೆ. ಅದು 2 ಲಕ್ಷ ಮೀರಿದ್ದರೆ 1,000 ರೂಪಾಯಿ. ಮೊದಲೇ ಕಟ್ಟಿ ಚಲನ್ ವಿವರ ಇಟ್ಟುಕೊಳ್ಳಿ. ಸಂಗತಿಗಳ ವಿವರಣೆಗೆ 1000 ಪದ, ಒಂದೊಂದು ಆಕ್ಷೇಪಕ್ಕೆ 100 ಪದದ ಮಿತಿ ಇದೆ. ಕಂಪನಿ ಹೇಗೆ ಮುಳುಗಿತು, ಎಚ್‌ಆರ್ ಫೋನ್ ಎತ್ತಲಿಲ್ಲ ಅನ್ನೋ ಕಥೆಗೆಲ್ಲ ಅಲ್ಲಿ ಜಾಗ ಹಾಳುಮಾಡಬೇಡಿ. ತಿಂಗಳುವಾರು ನಾಲ್ಕು ಅಂಕಿ ಸಾಕು: ಒಟ್ಟು ಸಂಬಳ, ಟಿಡಿಎಸ್, ಇತರ ಕಡಿತ, ಕೈಗೆ ಬಂದದ್ದು. ನನ್ನ ಜನವರಿ ಪೇಸ್ಲಿಪ್‌ನ ಕೊನೆಯ ಸಾಲು 93,000. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕಂಪನಿ ಹೆಸರಲ್ಲಿ ಜಮೆಯಾದದ್ದೂ 93,000. ಈ ಎರಡು ಕಾಗದ ಅಕ್ಕಪಕ್ಕ ಇಟ್ಟರೆ ಟಿಡಿಎಸ್ ಹಿಡಿದಿದ್ದಾರೆ ಅನ್ನೋದಕ್ಕೆ ಬೇರೆ ಸಾಕ್ಷಿಯೇ ಬೇಡ. ಫಾರ್ಮ್ 16ರ ಪಾರ್ಟ್ ಎ ಸಿಗಲಿಲ್ಲ ಅಂತ ಎದೆಗುಂದಬೇಡಿ. ಕಟ್ಟದ ದುಡ್ಡು ಅದರಲ್ಲಿ ಬರೋದೂ ಇಲ್ಲ.

ಆಕ್ಷೇಪ ಬರೆಯುವಾಗ ಎರಡು ಬೇರೆ ಬೇರೆ ಮಾತು ಹೇಳಬೇಕು. ಬಹಳ ಜನ ಇವನ್ನು ಕಲಸಿ ಕೆಡಿಸ್ತಾರೆ. ಟಿಡಿಎಸ್ ಕ್ರೆಡಿಟ್ ಕೊಡೋ ಸೆಕ್ಷನ್ 199 “ಹಿಡಿದು ಸರ್ಕಾರಕ್ಕೆ ಕಟ್ಟಿದ” ತೆರಿಗೆಯ ಬಗ್ಗೆ ಮಾತಾಡುತ್ತೆ. ಹಾಗಾಗಿ ಕ್ರೆಡಿಟ್ ಒಂದನ್ನೇ ಕೇಳಿದರೆ “ಕಟ್ಟಿಲ್ಲವಲ್ಲ” ಅಂತ ಮುಗಿಸಿಬಿಡಬಹುದು. ನಿಮ್ಮನ್ನು ಕಾಯೋದು ಸೆಕ್ಷನ್ 205: ಸಂಬಳದಿಂದ ಎಷ್ಟು ತೆರಿಗೆ ಹಿಡಿಯಲಾಗಿದೆಯೋ ಅಷ್ಟನ್ನು ಸಂಬಳ ಪಡೆದವರಿಂದಲೇ ಮತ್ತೆ ಕೇಳುವಂತಿಲ್ಲ. ಕಂಪನಿ ಕಟ್ಟಿತೋ ನುಂಗಿತೋ ಅನ್ನೋದು ಇಲಾಖೆ ಮತ್ತು ಕಂಪನಿ ನಡುವಿನ ವ್ಯವಹಾರ. ಬಾಂಬೆ ಹೈಕೋರ್ಟ್ 2007ರಲ್ಲಿ, ಗುಜರಾತ್ ಹೈಕೋರ್ಟ್ 2014ರಲ್ಲಿ ಇದನ್ನೇ ಹೇಳಿವೆ. ನಾನು ಬರೆದ ಮೊದಲ ಆಕ್ಷೇಪ 45,000ದ ಕ್ರೆಡಿಟ್ ಕೊಡಿ ಅಂತ, ಎರಡನೆಯದು ಕ್ರೆಡಿಟ್ ಕೊಡದಿದ್ದರೂ 205ರ ಪ್ರಕಾರ ವಸೂಲಿ ಮಾಡುವಂತಿಲ್ಲ ಅಂತ, ಮೂರನೆಯದು ತೆರಿಗೆಯೇ ನಿಲ್ಲದ ಮೇಲೆ ಅದರ ಬಡ್ಡಿಯೂ ನಿಲ್ಲೋದಿಲ್ಲ ಅಂತ. ಒಂದು ಮಿತಿಯನ್ನೂ ಹೇಳಿಬಿಡ್ತೀನಿ. 205 ವಸೂಲಿಯನ್ನು ತಡೆಯುತ್ತೆ ಅಷ್ಟೆ. ಕಂಪನಿ ಕಟ್ಟದ ದುಡ್ಡನ್ನು ರೀಫಂಡ್ ಆಗಿ ಕೊಡಿ ಅಂತ ಅದರ ಬಲದಿಂದ ಕೇಳೋದು ಕಷ್ಟ.

ಇನ್ನೊಂದು ಗುಂಡಿ ಇದೆ. ರಿಟರ್ನ್‌ನಲ್ಲಿ ನೀವೇ ಒಪ್ಪಿದ ಆದಾಯದ ತೆರಿಗೆ ಕಟ್ಟಿರದಿದ್ದರೆ ಸೆಕ್ಷನ್ 249(4) ಪ್ರಕಾರ ಅಪೀಲನ್ನೇ ತೆಗೆದುಕೊಳ್ಳೋದಿಲ್ಲ. ಕ್ರೆಡಿಟ್ ಸಿಗದ ಟಿಡಿಎಸ್ಸನ್ನು “ಕಟ್ಟದ ತೆರಿಗೆ” ಅಂತ ಎಣಿಸಿ ಯಾರಾದರೂ ಇದೇ ನೆವ ಹೇಳಬಾರದಲ್ಲ. ಅದಕ್ಕೇ ಸಂಗತಿಗಳ ಮೊದಲ ಸಾಲಿನಲ್ಲೇ “ಒಪ್ಪಿದ ಆದಾಯದ ಪೂರ್ತಿ ತೆರಿಗೆಯನ್ನು ಸಂಬಳದಿಂದಲೇ ಹಿಡಿಯಲಾಗಿದೆ” ಅಂತ ಬರೆದೆ.

ಇನ್ನು ಸ್ಟೇ. ಅಪೀಲು ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲೋದಿಲ್ಲ, ಬೇರೆಯಾಗಿ ಕೇಳಬೇಕು. ಕೇಳಬೇಕಾದ್ದು ಸಿಪಿಸಿಯನ್ನಲ್ಲ, ನಿಮ್ಮ ವಾರ್ಡಿನ ಅಸೆಸಿಂಗ್ ಆಫೀಸರ್‌ನ. ಪೋರ್ಟಲಿನ ಮೊದಲ ಪುಟದ `Know Your AO`ನಲ್ಲಿ ಪ್ಯಾನ್ ಹಾಕಿದರೆ ಯಾರು ಅಂತ ಸಿಗುತ್ತೆ. ಅರ್ಜಿ ಸೆಕ್ಷನ್ 220(6)ರ ಕೆಳಗೆ, ಒಂದೇ ಪುಟ. ಅಪೀಲಿನ ಸ್ವೀಕೃತಿ, ಇಂಟಿಮೇಶನ್, ಮೂರು ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಟ್ಟು ಕಚೇರಿಯಲ್ಲಿ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಆ ಸೀಲು ಮುಂದೆ ಬೇಕಾಗುತ್ತೆ.

ಅಲ್ಲಿ ಸಾಮಾನ್ಯವಾಗಿ ಬರೋ ಉತ್ತರ “20% ಕಟ್ಟಿ, ಸ್ಟೇ ಕೊಡ್ತೀವಿ”. ಇದು ಇಲಾಖೆಯ ಮೇಲಿರೋ ನೇರ ತೆರಿಗೆ ಮಂಡಳಿ ಸಿಬಿಡಿಟಿಯ 2017ರ ಜುಲೈ 31ರ ಮೆಮೊದಿಂದ ಬಂದ ರೂಢಿ. ನನಗೂ ಹಾಗೇ 10,174 ಕಟ್ಟಿ ಅಂದರು. ಸಾಮಾನ್ಯ ವಿವಾದಕ್ಕೆ ಅದು ಸರಿ, ಅಷ್ಟು ಕಟ್ಟಿ ನೆಮ್ಮದಿಯಾಗಿರಬಹುದು. ಆದರೆ ನಮ್ಮಂಥ ಕೇಸಿಗೆ ಅಂತಲೇ ಸಿಬಿಡಿಟಿ 2015ರ ಜೂನ್ 1ರಂದು ತನ್ನ ಅಧಿಕಾರಿಗಳಿಗೆ ಪತ್ರ ಬರೆದಿದೆ: ತೆರಿಗೆ ಹಿಡಿದವರು ಕಟ್ಟದೆ ಕ್ರೆಡಿಟ್ ಹೊಂದದಿದ್ದರೆ, ಆ ಡಿಮ್ಯಾಂಡನ್ನು ತೆರಿಗೆದಾರರ ಮೇಲೆ ಬಲವಂತದಿಂದ ವಸೂಲಿ ಮಾಡಬೇಡಿ ಅಂತ. 2016ರ ಮಾರ್ಚ್ 11ರಂದು ಮತ್ತೆ ನೆನಪಿಸಿದೆ. ಎರಡರ ಪ್ರತಿಯನ್ನೂ ಲಗತ್ತಿಸಿ ಎರಡನೇ ಕಾಗದ ಕೊಟ್ಟೆ. ಅಪೀಲು ತೀರ್ಮಾನ ಆಗೋವರೆಗೆ ವಸೂಲಿ ಇಲ್ಲ ಅಂತ ಆರ್ಡರ್ ಬಂತು. ಅಧಿಕಾರಿ ಒಪ್ಪದಿದ್ದರೆ ಅವರ ಮೇಲಿನ ಪ್ರಿನ್ಸಿಪಲ್ ಕಮಿಷನರ್‌ಗೆ ಕೊಡಬಹುದು, ಅಲ್ಲೂ ಆಗದಿದ್ದರೆ ಹೈಕೋರ್ಟಿಗೆ ರಿಟ್. ಐವತ್ತು ಸಾವಿರಕ್ಕೆ ರಿಟ್ ಹಾಕೋದು ಕುದುರೆಗಿಂತ ಲಗಾಮಿಗೇ ಜಾಸ್ತಿ ಕೊಟ್ಟಂತೆ, ಅದು ನನ್ನ ಅಭಿಪ್ರಾಯ.

ಸ್ಟೇ ಇದ್ದರೂ ಬಡ್ಡಿಯ ಮೀಟರು ಓಡ್ತಾನೇ ಇರುತ್ತೆ. ಸೋತರೆ 220(2) ಪ್ರಕಾರ ತಿಂಗಳಿಗೆ 1%, ನನ್ನ ಲೆಕ್ಕದಲ್ಲಿ 508 ರೂಪಾಯಿ.

ಇದರ ಜೊತೆಗೇ `Pending Actions` ಕೆಳಗಿನ `Response to Outstanding Demand`ನಲ್ಲೂ ಉತ್ತರ ಕೊಡಿ. `Disagree with demand` ಆರಿಸಿ, ಅಪೀಲು ಹಾಕಿದ್ದೀನಿ, ಸ್ಟೇ ಅರ್ಜಿ ಕೊಟ್ಟಿದ್ದೀನಿ ಅನ್ನೋ ಕಾರಣ ಗುರುತಿಸಿ. ಗಡಿಬಿಡಿಯಲ್ಲಿ `Demand is correct` ಒತ್ತಿದರೆ ಆಮೇಲೆ ತಕರಾರು ಹೇಳೋಕೆ ಬಿಡೋದಿಲ್ಲ. ಮರುವರ್ಷ ನಿಮಗೆ ರೀಫಂಡ್ ಇದ್ದರೆ ಅದನ್ನು ಹಳೆ ಬಾಕಿಗೆ ಹೊಂದಿಸ್ತೀವಿ ಅಂತ ಸೆಕ್ಷನ್ 245ರ ನೋಟಿಸ್ ಬರುತ್ತೆ. ನನಗೂ ಬಂತು. ಅದರಲ್ಲಿ ಕೊಟ್ಟ ಗಡುವಿನೊಳಗೆ ಸ್ಟೇ ಆರ್ಡರ್ ಹಾಕಿ ಬೇಡ ಅನ್ನಬೇಕು. ಸುಮ್ಮನಿದ್ದರೆ ಒಪ್ಪಿದಿರಿ ಅಂತಲೇ ಅರ್ಥ.

ನನ್ನ ಅಪೀಲಿಗೆ ಒಂದೂವರೆ ವರ್ಷ ಹಿಡೀತು. ಎಲ್ಲ ಪೋರ್ಟಲಿನಲ್ಲೇ, ಮುಖ ನೋಡಿದ್ದಿಲ್ಲ. ಒಮ್ಮೆ ನೋಟಿಸ್ ಕೊಟ್ಟು ಅದೇ ಪೇಸ್ಲಿಪ್ಪುಗಳನ್ನು ಮತ್ತೆ ಕೇಳಿದರು, ಹಾಕಿದೆ. ಕೊನೆಗೆ ಹಿಡಿದದ್ದನ್ನು ಪರಿಶೀಲಿಸಿ, ಅಷ್ಟರ ಮಟ್ಟಿಗೆ ವಸೂಲಿ ಮಾಡಬಾರದು ಅಂತ ಆರ್ಡರ್ ಆಯ್ತು. ಆದರೂ ಪೋರ್ಟಲಿನಲ್ಲಿ 50,870 ಹಾಗೇ ಕೂತಿತ್ತು. ಅಪೀಲಿನ ಆರ್ಡರನ್ನು ಜಾರಿಗೆ ತಂದು ಲೆಕ್ಕ ತಿದ್ದಬೇಕಾದವರು ಮತ್ತೆ ಅದೇ ವಾರ್ಡಿನ ಅಧಿಕಾರಿ. ಆರ್ಡರ್ ಪ್ರತಿ ಹಿಡಿದು ಮೂರನೇ ಸಲ ಅದೇ ಕಚೇರಿಗೆ ಹೋದೆ, ಮತ್ತೊಂದು ಸೀಲು ಹಾಕಿಸಿಕೊಂಡೆ. ಏಳು ವಾರದ ಮೇಲೆ ಆ ಸಾಲು ಸೊನ್ನೆ ಆಯ್ತು.