ಘಟನೆ ವರದಿಯಲ್ಲಿ ಊಹೆ ತೆಗೆದು ಬರೀ ನಡೆದದ್ದನ್ನು ಬರೆಯುವುದು ಹೇಗೆ?

ಪ್ರಶ್ನೆ: ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ರ್ಯಾಕ್‌ಗೆ ಗುದ್ದಿದೆ. ಸೂಪರ್‌ವೈಸರ್ ವರದಿ: "ಡ್ರೈವರ್ ಯಾವತ್ತಿನ ಹಾಗೆ ಬೇಜವಾಬ್ದಾರಿಯಿಂದ ಓಡಿಸಿದ. ಫೋನ್ ನೋಡ್ತಿದ್ದ ಅನ್ಸುತ್ತೆ. ನೆಲ ಬೇರೆ ಒದ್ದೆ." ಇದನ್ನು ಸರಿಪಡಿಸುವುದು ಹೇಗೆ?

ಉತ್ತರ: ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಯಾರಿಗೆ, ಹೇಗೆ ಗೊತ್ತು?

"ಬೇಜವಾಬ್ದಾರಿ" ಎಂಬುದು ತೀರ್ಪು. ಅದರ ಹಿಂದೆ ಕಂಡದ್ದೇನು ಎಂದು ಸೂಪರ್‌ವೈಸರ್ ಅವರನ್ನೇ ಕೇಳಿ. ತಿರುವಿನಲ್ಲಿ ಹಾರ್ನ್ ಕೇಳಿಸಲಿಲ್ಲ ಎಂದರೆ, ಅದನ್ನೇ ಅವರ ಹೆಸರಿನಲ್ಲಿ ಬರೆಯಿರಿ. ಫೋನನ್ನು ಯಾರೂ ನೋಡಿಲ್ಲದಿದ್ದರೆ ಆ ಮಾತು ಘಟನೆಯ ವಿವರದಲ್ಲಿ ಬೇಡ; "ಪರಿಶೀಲಿಸಬೇಕಾದದ್ದು" ಎಂಬ ಭಾಗಕ್ಕೆ ಹಾಕಿ. ಕೊನೆಗೆ ಸೇರಿಸಿದ ಒದ್ದೆ ನೆಲವೇ ಇಲ್ಲಿ ಜಾಸ್ತಿ ಮುಖ್ಯ: ಎಲ್ಲಿ, ಎಷ್ಟು ಅಗಲ, ಯಾವಾಗಿನಿಂದ?

ಆಮೇಲೆ ಸಮಯದ ಪ್ರಕಾರ ಜೋಡಿಸಿ. ಸಿಸಿಟಿವಿ ಗಡಿಯಾರ ಎಷ್ಟೋ ಸಲ ಹಿಂದೆಮುಂದೆ ಇರುತ್ತದೆ. ಮೊಬೈಲ್ ಸಮಯದ ಜೊತೆ ಹೋಲಿಸಿ, ವ್ಯತ್ಯಾಸವನ್ನು ವರದಿಯಲ್ಲೇ ನಮೂದಿಸಿ.

ವಿಚಾರಿಸಿದ ಮೇಲೆ ಹೀಗೆ ಬರಬಹುದು:

"10:40ಕ್ಕೆ 3ನೇ ಸಾಲಿನಲ್ಲಿ ನೀರು ಕಂಡಿತು ಎಂದು ಲೋಡರ್ ಹೇಳಿದ್ದಾರೆ. ಎಚ್ಚರಿಕೆ ಫಲಕ ಇಟ್ಟಿರಲಿಲ್ಲ ಎಂದೂ ಅವರೇ ಹೇಳಿದ್ದಾರೆ. 10:52ಕ್ಕೆ ಫೋರ್ಕ್‌ಲಿಫ್ಟ್ ಅದೇ ಸಾಲಿಗೆ ತಿರುಗಿ ರ್ಯಾಕ್‌ನ ಎಡಗಂಬಕ್ಕೆ ಗುದ್ದಿತು (ಸಿಸಿಟಿವಿ). ಹಾರ್ನ್ ಕೇಳಿಸಲಿಲ್ಲ ಎಂದು ಸೂಪರ್‌ವೈಸರ್, ಬ್ರೇಕ್ ಹಾಕಿದಾಗ ಚಕ್ರ ಜಾರಿತು ಎಂದು ಡ್ರೈವರ್ ಹೇಳಿದ್ದಾರೆ."

"ನೀರಿನಿಂದಾಗಿ ಗುದ್ದಿತು" ಎಂದು ಇಲ್ಲಿ ಬರೆದಿಲ್ಲ, ನೋಡಿ. ಅದೂ ಊಹೆಯೇ ಅಲ್ವಾ? ಕಾರಣ ಹುಡುಕುವುದು ತನಿಖೆಯ ಕೆಲಸ. ಮೂಲ ವರದಿಯನ್ನು ಮಾತ್ರ ಅಳಿಸಬೇಡಿ, ಹೊಸದರ ಜೊತೆ ಲಗತ್ತಿಸಿ.